ಗುತ್ತಿಗೆಯಿಂದ ಕಾಯಂಗೆ: ಆಫರ್ ಬಂದಾಗ ಯಾರನ್ನು, ಯಾವಾಗ, ಏನಂತ ಕೇಳಬೇಕು

ತೋರಣಗಲ್ಲು, ಗಿಣಿಗೇರಾ ಕಡೆಯ ಕಾರ್ಖಾನೆಗಳಿಗೆ ಜನ ಒದಗಿಸುವ ಏಜೆನ್ಸಿಯೊಂದರಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ಬಿಟ್ಟು ಬಂದ ಮೇಲೂ ಫೋನ್ ನಿಂತಿಲ್ಲ. ಡಿಪ್ಲೊಮಾ ಮುಗಿಸಿದವರು, ಐಟಿಐ ಮುಗಿಸಿದವರು, ಅಕೌಂಟ್ಸ್ ಹುಡುಗಿಯರು ಎಲ್ಲರ ಕಥೆಯೂ ಒಂದೇ: “ಒಂದು ವರ್ಷ ಗುತ್ತಿಗೆ, ಆಮೇಲೆ ಪರ್ಮನೆಂಟ್ ಅಂದಿದ್ರು ಸರ್. ಎರಡು ವರ್ಷ ಆಯ್ತು. ಕೇಳಿದ್ರೆ ಯಾರೂ ಬಾಯಿ ಬಿಡವಲ್ರು.”

ಇವರೆಲ್ಲ ಸೇರುವಾಗ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಪರ್ಮನೆಂಟ್ ಆಗ್ತೈತ್ರಿ?” ಎದುರಿನವರು ಹೇಳಿದ್ದೂ ಒಂದೇ ಮಾತು: “ಆಗ್ತೈತಿ, ಚಲೋ ಕೆಲಸ ಮಾಡು.” ಆ ಮಾತಿನಲ್ಲಿ ತಾರೀಖಿಲ್ಲ, ತೀರ್ಮಾನ ಮಾಡುವವರ ಹೆಸರಿಲ್ಲ, ಪಗಾರವಿಲ್ಲ. ಆ ಕಾರಣಕ್ಕೆ ಅದರಿಂದ ಯಾರೂ ಯಾವುದಕ್ಕೂ ಕಟ್ಟುಬಿದ್ದಿಲ್ಲ. ಈ ಒಂದು ಪ್ರಶ್ನೆಯನ್ನು ಒಡೆದು ಹೇಗೆ ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಆಫರ್ ಲೆಟರ್, ನಿಮ್ಮ ಸ್ವಂತದ ಇಮೇಲ್ (ಕಂಪನಿ ಕೊಟ್ಟದ್ದಲ್ಲ), ತಾರೀಖು ಬರೆದಿಡಲು ಒಂದು ವಹಿ, ಪಿಎಫ್ ಪೋರ್ಟಲಿನ ಪಾಸ್‌ವರ್ಡ್.

ಉದಾಹರಣೆಗೆ ಕೊಪ್ಪಳ ಕಡೆಯ ಒಬ್ಬ ಹುಡುಗನ ಲೆಕ್ಕವನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ. ಎಲೆಕ್ಟ್ರಿಕಲ್ ಡಿಪ್ಲೊಮಾ, ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗ, ಏಜೆನ್ಸಿ ಪಗಾರ ತಿಂಗಳಿಗೆ 24,000. ಕರಾರು ಒಂದು ವರ್ಷ, ಜೂನ್ 10ಕ್ಕೆ ಸೇರಬೇಕು. ಸಂಬಂಧದಲ್ಲಿ ನನಗೆ ಅಳಿಯ ಆಗಬೇಕು, ಹಾಗಾಗಿ ಅವನ ಕಾಗದಗಳನ್ನೆಲ್ಲ ನಾನೇ ಕೂತು ನೋಡಿದ್ದೇನೆ.

## ಹಂತ 1: ನೀವು ಯಾರ ರೋಲಿನಲ್ಲಿದ್ದೀರಿ ಅಂತ ಮೊದಲು ಪತ್ತೆ ಮಾಡಿ

ರೋಲ್ ಅಂದರೆ ನಿಮ್ಮ ಹೆಸರು ಯಾರ ನೌಕರರ ಪಟ್ಟಿಯಲ್ಲಿದೆ ಅನ್ನುವುದು. ಏನನ್ನಾದರೂ ಕೇಳುವ ಮೊದಲು ಆಫರ್ ಲೆಟರಿನ ತಲೆಯಲ್ಲಿ ಯಾರ ಹೆಸರಿದೆ ನೋಡಿ. ನಮ್ಮ ಭಾಗದಲ್ಲಿ ಮೂರು ಬಗೆಯ ಕೆಲಸಗಳಿಗೆ “ಕಾಂಟ್ರ್ಯಾಕ್ಟ್” ಅನ್ನುವ ಒಂದೇ ಹೆಸರು ಓಡಾಡುತ್ತದೆ.

ಒಂದು, ಲೆಟರ್‌ಹೆಡ್ ಕಾರ್ಖಾನೆಯದೇ ಆಗಿದ್ದು, ಒಳಗೆ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ ಇರುವುದು. ಇದು ನೇರ ನಿಗದಿತ ಅವಧಿಯ ಕೆಲಸ. ಎರಡು, ಲೆಟರ್‌ಹೆಡ್ ಏಜೆನ್ಸಿಯದು, ಆದರೆ ಇಂಟರ್‌ವ್ಯೂ ಮಾಡಿದವರು ಕಾರ್ಖಾನೆಯ ವಿಭಾಗದ ಮುಖ್ಯಸ್ಥರು. ಜನ ಸಾಮಾನ್ಯವಾಗಿ ಕಾಂಟ್ರ್ಯಾಕ್ಟ್ ಟು ಹೈರ್ ಅನ್ನುವುದು ಇದನ್ನೇ. ಅಳಿಯನದೂ ಇದೇ. ಮೂರನೆಯದು ಠೇಕೇದಾರನ ಕೆಲಸ: ಇಂಟರ್‌ವ್ಯೂ ಇಲ್ಲ, ಗೇಟ್ ಪಾಸಿನಲ್ಲಿ ಠೇಕೇದಾರನ ಹೆಸರು, ಅವನ ವರ್ಕ್ ಆರ್ಡರ್ ಮುಗಿದರೆ ನಿಮ್ಮ ಕೆಲಸವೂ ಮುಗಿಯಿತು. ಇದರಲ್ಲಿ ಕಾಯಂ ಆಗುವ ದಾರಿಯೇ ಇರುವುದಿಲ್ಲ. ಬಾಯಲ್ಲಿ ಯಾರು ಏನೇ ಅಂದಿರಲಿ, ಈ ಮೂರನೆಯದಕ್ಕೆ ಮುಂದಿನ ಹಂತಗಳು ಅನ್ವಯಿಸುವುದಿಲ್ಲ.

ರಾಯಚೂರು ಕಡೆಯವರಿಗೆ ಒಂದು ಮಾತು ಸೇರಿಸಬೇಕು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ, ಹಟ್ಟಿ ಚಿನ್ನದ ಗಣಿಯಂಥ ಸರ್ಕಾರಿ ಸಂಸ್ಥೆಗಳ ಹೊರಗುತ್ತಿಗೆ ಕೆಲಸ ಕಾಯಂಗೆ ಮೆಟ್ಟಿಲಲ್ಲ. ಅಲ್ಲಿ ಕಾಯಂ ಹುದ್ದೆಗೆ ಅಧಿಸೂಚನೆ ಹೊರಡಬೇಕು, ಅರ್ಜಿ ಹಾಕಬೇಕು. ತಾತ್ಕಾಲಿಕವಾಗಿ ದುಡಿದ ಮಾತ್ರಕ್ಕೆ ಸರ್ಕಾರಿ ಹುದ್ದೆಯಲ್ಲಿ ಕಾಯಂ ಆಗುವ ಹಕ್ಕು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 2006ರಲ್ಲಿ ಉಮಾದೇವಿ ಪ್ರಕರಣದಲ್ಲಿ ಹೇಳಿತು. ಆ ಪ್ರಕರಣ ಹೋಗಿದ್ದೂ ನಮ್ಮ ಕರ್ನಾಟಕದಿಂದಲೇ. ಖಾಸಗಿ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರಿಗೂ ತಾನಾಗಿಯೇ ಕಾಯಂ ಆಗುವ ಹಕ್ಕಿಲ್ಲ. 2001ರ ಸ್ಟೀಲ್ ಅಥಾರಿಟಿ ತೀರ್ಪು ಬಂದಂದಿನಿಂದ ಪರಿಸ್ಥಿತಿ ಹಾಗೇ ಇದೆ. ಕಾನೂನು ತಾನಾಗಿ ಕೊಡದ್ದರಿಂದ ನಿಮಗೆ ಉಳಿಯುವುದು ಬರವಣಿಗೆಯಲ್ಲಿ ಸಿಕ್ಕ ಮಾತು ಮಾತ್ರ.

ಆಫರ್ ಲೆಟರಿನ ಕೊನೆಯ ಪುಟದಲ್ಲಿ “ಕ್ಲೈಂಟ್ ಕಂಪನಿಯಲ್ಲಿ ಕಾಯಂ ನೌಕರಿ ಕೇಳುವ ಹಕ್ಕಿರುವುದಿಲ್ಲ” ಅಂತ ಒಂದು ಸಾಲು ಇದ್ದೇ ಇರುತ್ತದೆ. ಕ್ಲೈಂಟ್ ಅಂದರೆ ಏಜೆನ್ಸಿ ಜನ ಒದಗಿಸುವ ಕಾರ್ಖಾನೆ. ಅದನ್ನು ಕಂಡು ಹೆದರಿ ಆಫರ್ ಬಿಟ್ಟವರಿದ್ದಾರೆ, ಬಿಡಬೇಡಿ. ಪ್ರತಿಯೊಂದು ಏಜೆನ್ಸಿಯ ನಮೂನೆಯಲ್ಲೂ ಇರುವ ಸಾಲು ಅದು. ನೋಡಬೇಕಾದ್ದು ಬೇರೆ ಎರಡನ್ನು. ಅವಧಿ 11 ತಿಂಗಳೋ 12 ತಿಂಗಳೋ? ಕ್ಲೈಂಟಿನ ಪರ್ಚೇಸ್ ಆರ್ಡರ್ ಇರುವವರೆಗೆ ಮಾತ್ರ ಅಂತ ಬರೆದಿದ್ದಾರಾ? 11 ತಿಂಗಳು ಅಂತ ಬರೆದರೆ ನಿಮಗೆ ಏನು ತಪ್ಪಬಹುದು ಅನ್ನುವುದು ಹಂತ 7ರಲ್ಲಿ ಗೊತ್ತಾಗುತ್ತದೆ.

## ಹಂತ 2: ಆಫರ್ ಬಂದ ಮೇಲೆ, ಸಹಿ ಹಾಕುವ ಮೊದಲು ಕೇಳಿ

ಇಂಟರ್‌ವ್ಯೂನಲ್ಲೇ ಕಾಯಂ ವಿಚಾರ ಎತ್ತಿದರೆ ಎದುರಿನವರಿಗೆ ಇವನಿಗೆ ಕೆಲಸಕ್ಕಿಂತ ಕುರ್ಚಿಯ ಚಿಂತೆ ಅನಿಸುತ್ತದೆ. ಸೇರಿ ಮೂರು ತಿಂಗಳಾದ ಮೇಲೆ ಕೇಳಿದರೆ ಉತ್ತರ ಕೊಡುವ ಜರೂರು ಯಾರಿಗೂ ಇರುವುದಿಲ್ಲ. ಆಫರ್ ಕೈಗೆ ಬಂದು ನೀವಿನ್ನೂ ಒಪ್ಪಿರದ ಎರಡು ಮೂರು ದಿನಗಳಲ್ಲಿ ಮಾತ್ರ ಅವರಿಗೆ ನಿಮ್ಮ ಉತ್ತರ ಬೇಕಾಗಿರುತ್ತದೆ. ಏಜೆನ್ಸಿಯವನ ತಲೆ ಮೇಲೆ “ಸೋಮವಾರದ ಒಳಗೆ ಜನ ಬೇಕು” ಅಂತ ಕ್ಲೈಂಟ್ ಕೂತಿರುತ್ತಾನೆ. ನಾನೇ ಆ ಕುರ್ಚಿಯಲ್ಲಿದ್ದೆ, ಆ ಒತ್ತಡ ನನಗೆ ಗೊತ್ತು.

ಮೊದಲು ಏಜೆನ್ಸಿಯ ರಿಕ್ರೂಟರ್‌ಗೆ ಫೋನ್ ಮಾಡಿ. ಆದರೆ ನಿರ್ಧಾರ ಅವರದಲ್ಲ ಅನ್ನುವುದು ಮನಸ್ಸಿನಲ್ಲಿರಲಿ. ಅವರಿಂದ ಬೇಕಾಗಿರುವುದು ಒಂದೇ, ನಿಮ್ಮ ಪ್ರಶ್ನೆಗಳನ್ನು ಕ್ಲೈಂಟಿನ ಎಚ್‌ಆರ್‌ಗೆ ಮುಟ್ಟಿಸಿ ಉತ್ತರ ತರಿಸುವುದು. ಏಜೆನ್ಸಿಯನ್ನು ಬಿಟ್ಟು ನೇರ ಕ್ಲೈಂಟಿಗೆ ಮೇಲ್ ಹಾಕಿದರೆ ಇಬ್ಬರಿಗೂ ಸಿಟ್ಟು ಬರುತ್ತದೆ. ಅದಕ್ಕೆ ಏಜೆನ್ಸಿಯವರಿಗೆ ಬರೆದು, ಕ್ಲೈಂಟ್ ಎಚ್‌ಆರ್‌ಗೆ ಕಳಿಸಿ ಅಂತ ಕೇಳಿಕೊಳ್ಳಿ.

ಅಳಿಯ ಫೋನಿನಲ್ಲಿ ಹೀಗೆ ಮಾತಾಡಿದ, ನಾನು ಪಕ್ಕದಲ್ಲೇ ಕೂತಿದ್ದೆ:

“ನಮಸ್ಕಾರ್ರಿ ಮೇಡಂ, ಆಫರ್ ಲೆಟರ್ ಬಂದೈತ್ರಿ. ಸೇರಾಕ ನಾ ತಯಾರದೀನಿ. ಕಾಯಂ ಮಾಡೋ ಬಗ್ಗೆ ಐದು ವಿಷಯ ತಿಳ್ಕೊಬೇಕಿತ್ತು, ಮೇಲ್ ಹಾಕ್ತೀನ್ರಿ. ಕಂಪನಿ ಎಚ್‌ಆರ್ ಕಡೆಯಿಂದ ಉತ್ತರ ತರಿಸಿಕೊಟ್ರ ಅವತ್ತೇ ಸಹಿ ಮಾಡಿ ಕಳಸ್ತೀನಿ.”

“ಸೇರಲು ತಯಾರಿದ್ದೇನೆ” ಅನ್ನುವುದು ಮೊದಲು ಬರಬೇಕು. ಇಲ್ಲದಿದ್ದರೆ ಅವರು ನಿಮ್ಮನ್ನು ಬಿಟ್ಟು ಮುಂದಿನ ಹೆಸರಿಗೆ ಹೋಗುತ್ತಾರೆ.

## ಹಂತ 3: ಒಂದು ಪ್ರಶ್ನೆಯನ್ನು ಐದಾಗಿ ಒಡೆಯಿರಿ

ಪ್ರತಿ ಪ್ರಶ್ನೆಗೂ ಒಂದು ತಾರೀಖೋ, ಒಂದು ಹುದ್ದೆಯ ಹೆಸರೋ, ಒಂದು ಸಂಖ್ಯೆಯೋ ಉತ್ತರವಾಗಿ ಬರಬೇಕು. “ಹೌದು” ಅಂದರೆ ಮುಗಿದುಹೋಗುವ ಪ್ರಶ್ನೆ ಕೇಳಬೇಡಿ.

ಮೊದಲನೆಯದು ತಾರೀಖು. ಪರಿಶೀಲನೆ ಯಾವ ತಿಂಗಳಲ್ಲಿ, ಅದನ್ನು ಯಾವ ದಿನದಿಂದ ಎಣಿಸುತ್ತಾರೆ? ಆಫರ್ ತಾರೀಖಿನಿಂದಲೋ, ಸೇರಿದ ದಿನದಿಂದಲೋ, ಟ್ರೇನಿಂಗ್ ಮುಗಿದು ವಿಭಾಗಕ್ಕೆ ಕಾಲಿಟ್ಟ ದಿನದಿಂದಲೋ? ಟ್ರೇನಿಂಗ್ ಮೂರು ತಿಂಗಳದ್ದಾದರೆ ಕಾಯಂ ವಿಚಾರವೂ ಅಷ್ಟೇ ಮುಂದೆ ಹೋಗುತ್ತದೆ.

ಎರಡನೆಯದು ಯಾರೂ ಕೇಳದ ಪ್ರಶ್ನೆ. ಏಜೆನ್ಸಿ ಮತ್ತು ಕ್ಲೈಂಟ್ ನಡುವಿನ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಷರತ್ತಿರುತ್ತದೆ: ಇಷ್ಟು ತಿಂಗಳ ಒಳಗೆ ನಮ್ಮ ಹುಡುಗನನ್ನು ನಿಮ್ಮ ರೋಲಿಗೆ ತೆಗೆದುಕೊಂಡರೆ ನಮಗೆ ಇಷ್ಟು ಶುಲ್ಕ ಕೊಡಬೇಕು. ತಿಂಗಳು ಕಳೆದಂತೆ ಶುಲ್ಕ ಇಳಿದು ಒಂದು ಹಂತದಲ್ಲಿ ಸೊನ್ನೆಯಾಗುತ್ತದೆ. ಎಚ್‌ಆರ್ “ಆರು ತಿಂಗಳಿಗೆ ಮಾಡ್ತೀವಿ” ಅಂದಿರಬಹುದು, ಆದರೆ ಆ ಶುಲ್ಕ 12 ತಿಂಗಳವರೆಗೂ ಇದ್ದರೆ ಆರನೇ ತಿಂಗಳಲ್ಲಿ ದುಡ್ಡು ಕೊಟ್ಟು ನಿಮ್ಮನ್ನು ಕರೆಯುವ ಮ್ಯಾನೇಜರ್ ಅಪರೂಪ. ಶುಲ್ಕ ಎಷ್ಟು ಅಂತ ಕೇಳಬೇಡಿ, ಅದು ಅವರವರ ವ್ಯವಹಾರ. “ಕನಿಷ್ಠ ಎಷ್ಟು ತಿಂಗಳು ಏಜೆನ್ಸಿ ರೋಲಿನಲ್ಲಿರಬೇಕು” ಅಂತ ಕೇಳಿದರೆ ಸಾಕು. ನಿಮ್ಮ ನಿಜವಾದ ತಾರೀಖು ಆ ಉತ್ತರದಲ್ಲಿ ಸಿಗುತ್ತದೆ.

ಮೂರನೆಯದು ಅರ್ಹತೆ. ಗುತ್ತಿಗೆಗೆ ಸೇರಿಸಿಕೊಳ್ಳುವಾಗ ನೋಡದ ಎಷ್ಟೋ ಸಂಗತಿಗಳನ್ನು ಕಂಪನಿ ರೋಲಿಗೆ ತೆಗೆದುಕೊಳ್ಳುವಾಗ ನೋಡುತ್ತಾರೆ. ಡಿಪ್ಲೊಮಾದಲ್ಲಿ ಇಂತಿಷ್ಟು ಪರ್ಸೆಂಟ್, ರೆಗ್ಯುಲರ್ ಕೋರ್ಸೇ ಆಗಿರಬೇಕು, ವಯಸ್ಸಿನ ಮಿತಿ, ಮೆಡಿಕಲ್. ಎಲೆಕ್ಟ್ರಿಕಲ್ ಕೆಲಸದವರಿಗೆ ಬಣ್ಣ ಗುರುತಿಸುವ ಕಣ್ಣಿನ ಪರೀಕ್ಷೆ ಇರುತ್ತದೆ. ಒಂದೂವರೆ ವರ್ಷ ಒಂದೂ ರಜೆ ಹಾಕದೆ ದುಡಿದ ಸಿರುಗುಪ್ಪ ಕಡೆಯ ಒಬ್ಬ ಹುಡುಗನನ್ನು ಕಾಯಂ ಮಾಡುವ ಹೊತ್ತಿಗೆ ಪರ್ಸೆಂಟ್ ಕಡಿಮೆ ಅಂತ ಬಿಟ್ಟರು. ಪರ್ಸೆಂಟ್ ಅಂತೂ ಅವನು ಸೇರುವ ದಿನವೂ ಅಷ್ಟೇ ಇತ್ತು. ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ನಾಲ್ಕನೆಯದು ಹುದ್ದೆ. ಕಾಯಂ ಹುದ್ದೆಗೆ ಮಂಜೂರಾತಿ ಈಗಾಗಲೇ ಇದೆಯೋ, ಮುಂದಿನ ವರ್ಷದ ಮ್ಯಾನ್‌ಪವರ್ ಪ್ಲಾನಿನಲ್ಲಿ ಕೇಳಬೇಕೋ? ತೀರ್ಮಾನ ವಿಭಾಗದ ಮುಖ್ಯಸ್ಥರದೋ, ಹೆಡ್ ಆಫೀಸಿನದೋ?

ಐದನೆಯದು, ಆಗದಿದ್ದರೆ ಏನು ಮತ್ತು ಆದರೆ ಎಷ್ಟು. ವಿಸ್ತರಣೆ ಎಷ್ಟು ಸಲ, ಪ್ರತಿ ಸಲ ಎಷ್ಟು ತಿಂಗಳು? ಕಾಯಂ ಆದರೆ ಯಾವ ಗ್ರೇಡ್, ಪಗಾರ ಸುಮಾರು ಎಲ್ಲಿಂದ ಎಲ್ಲಿಯವರೆಗೆ, ಮತ್ತೆ ಪ್ರೊಬೇಷನ್ ಇದೆಯೋ?

## ಹಂತ 4: ಮೇಲ್ ಬರೆಯುವುದು

ಆಫೀಸಿನವರು ಇಂಗ್ಲಿಷಿನಲ್ಲೇ ಬೇಕು ಅಂದರೆ ಇದನ್ನೇ ಸರಳವಾಗಿ ತಿರುಗಿಸಿ. ಉದ್ದ ಮಾಡಬೇಡಿ, ಮನೆಯ ಕಷ್ಟ ಬರೆಯಬೇಡಿ.

> ಮಾನ್ಯರೇ,
>
> ತಾವು ಕಳಿಸಿದ ಆಫರ್ ತಲುಪಿದೆ, ಧನ್ಯವಾದ. ಜೂನ್ 10ಕ್ಕೆ ಸೇರಲು ಸಿದ್ಧನಿದ್ದೇನೆ. ಸಹಿ ಮಾಡುವ ಮೊದಲು ಕಾಯಂ ನೇಮಕದ ಬಗ್ಗೆ ಕೆಳಗಿನ ವಿಷಯಗಳಿಗೆ ಕ್ಲೈಂಟ್ ಎಚ್‌ಆರ್ ಅವರಿಂದ ಉತ್ತರ ಕೊಡಿಸಬೇಕೆಂದು ಕೋರುತ್ತೇನೆ.
>
> 1. ಕಾಯಂಗೆ ಪರಿಶೀಲನೆ ಯಾವ ತಿಂಗಳಲ್ಲಿ ನಡೆಯುತ್ತದೆ? ಅವಧಿಯನ್ನು ಯಾವ ದಿನದಿಂದ ಎಣಿಸಲಾಗುತ್ತದೆ?
> 2. ಕನಿಷ್ಠ ಎಷ್ಟು ತಿಂಗಳು ಏಜೆನ್ಸಿ ರೋಲಿನಲ್ಲಿರಬೇಕು?
> 3. ಕಂಪನಿ ರೋಲಿಗೆ ಬೇಕಾದ ಅಂಕ, ವಯಸ್ಸು, ವೈದ್ಯಕೀಯ ಅರ್ಹತೆ ಏನು?
> 4. ಹುದ್ದೆಗೆ ಮಂಜೂರಾತಿ ಇದೆಯೇ? ತೀರ್ಮಾನ ಯಾರದು?
> 5. ಕಾಯಂ ಆದಾಗ ಗ್ರೇಡ್, ಪಗಾರದ ವ್ಯಾಪ್ತಿ, ಪ್ರೊಬೇಷನ್ ಎಷ್ಟು? ಆಗದಿದ್ದರೆ ವಿಸ್ತರಣೆ ಎಷ್ಟು ಅವಧಿಗೆ?
>
> ವಂದನೆಗಳು.

ಅರ್ಧದಷ್ಟು ಜನರಿಗೆ ಬರವಣಿಗೆಯಲ್ಲಿ ಉತ್ತರ ಬರುವುದಿಲ್ಲ, ಫೋನ್ ಬರುತ್ತದೆ. ಕಾಗದದ ಮೇಲೆ ಸಿಕ್ಕಿಬೀಳಬಾರದು ಅಂತಲೇ ಫೋನ್ ಮಾಡುತ್ತಾರೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಕೇಳಿಸಿಕೊಂಡು, ಅವತ್ತೇ ಸಂಜೆ ನೀವೇ ಬರೆಯಿರಿ: “ಇಂದು ಫೋನಿನಲ್ಲಿ ತಾವು ತಿಳಿಸಿದಂತೆ, ಪರಿಶೀಲನೆ ಒಂಬತ್ತನೇ ತಿಂಗಳಲ್ಲಿ, ಕನಿಷ್ಠ 12 ತಿಂಗಳು ಏಜೆನ್ಸಿ ರೋಲ್, ಪ್ರೊಬೇಷನ್ ಆರು ತಿಂಗಳು. ನಾನು ಅರ್ಥ ಮಾಡಿಕೊಂಡಿದ್ದರಲ್ಲಿ ತಪ್ಪಿದ್ದರೆ ತಿಳಿಸಿ.” ಇದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ತಪ್ಪು ಅಂತಲೂ ಅನ್ನುವುದಿಲ್ಲ. ಒಂಬತ್ತು ತಿಂಗಳಾದ ಮೇಲೆ, ಆ ರಿಕ್ರೂಟರ್ ಕೆಲಸ ಬಿಟ್ಟು ಹೋಗಿದ್ದಾಗ, ನಿಮ್ಮ ಕೈಯಲ್ಲಿ ಇರುವುದು ಈ ಮೇಲ್ ಒಂದೇ. ಅಳಿಯನ ವಿಷಯದಲ್ಲಿ ಆದದ್ದೂ ಹೀಗೆಯೇ: ಫೋನ್ ಬಂತು, ಮೇಲ್ ನಾವು ಹಾಕಿದೆವು.

## ಹಂತ 5: ಉತ್ತರವನ್ನು ತೂಗಿ ನೋಡಿ

“ಪರ್ಫಾರ್ಮೆನ್ಸ್ ಮೇಲೆ” ಅಂದರೆ ಅಳೆಯುವವರು ಯಾರು, ಯಾವ ಫಾರ್ಮಿನಲ್ಲಿ ಅಂತ ಇನ್ನೊಮ್ಮೆ ಕೇಳಿ. ಫಾರ್ಮ್ ಇದೆ ಅಂದರೆ ಪದ್ಧತಿ ಇದೆ ಅಂತ ಅರ್ಥ. “ನೋಡೋಣ, ಬಿಸಿನೆಸ್ ಹೆಂಗಿರುತ್ತೆ” ಅಂದರೆ ಹುದ್ದೆಗೆ ಮಂಜೂರಾತಿ ಇಲ್ಲ ಅಂತಲೇ ತಿಳಿಯಿರಿ. ಹಾಗಂತ ಬಿಡಲೇಬೇಕು ಅಂತಿಲ್ಲ. ಅದು ಒಂದು ವರ್ಷದ ಗುತ್ತಿಗೆ ಕೆಲಸ ಅಷ್ಟೇ ಅಂತ ಲೆಕ್ಕ ಹಾಕಿ, ಪಗಾರ ಹೊಂದಿದರೆ ಸೇರಿ.

ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಹೊರಗೆ ಸಿಗುತ್ತದೆ. ಅದೇ ವಿಭಾಗದಲ್ಲಿ ಎರಡು ವರ್ಷದ ಹಿಂದೆ ಇದೇ ಏಜೆನ್ಸಿಯಿಂದ ಸೇರಿದವರು ಈಗ ಯಾರ ರೋಲಿನಲ್ಲಿದ್ದಾರೆ? ಶಿಫ್ಟ್ ಬಸ್ ನಿಲ್ಲುವಲ್ಲಿ, ಚಹಾ ಅಂಗಡಿಯಲ್ಲಿ ಇಬ್ಬರನ್ನು ಕೇಳಿದರೆ ಸಾಕು. “ಅಣ್ಣಾ, ನಿಮ್ಮ ಡಿಪಾರ್ಟ್‌ಮೆಂಟಿನ್ಯಾಗ ಎಷ್ಟು ಮಂದಿ ಕಂಪನಿ ರೋಲಿಗೆ ಹೋದ್ರು?” ಹತ್ತರಲ್ಲಿ ಮೂವರು ಹೋಗಿದ್ದರೂ ದಾರಿ ಇದೆ ಅಂತಾಯಿತು. ಒಬ್ಬರೂ ಹೋಗಿಲ್ಲ, ಎಲ್ಲರೂ ಮೂರನೇ ವಿಸ್ತರಣೆಯಲ್ಲಿದ್ದಾರೆ ಅಂದರೆ ಎಚ್‌ಆರ್ ಮಾತಿಗಿಂತ ಬಸ್ಸಿನವರ ಮಾತನ್ನೇ ನಂಬಿ.

ಕೂಡಲೇ ಹಿಂದೆ ಸರಿಯಬೇಕಾದ ಗುರುತು ಎರಡು. ಕಾಯಂ ಮಾಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ, ಅವರು ಕಾರ್ಖಾನೆ ಒಳಗಿನವರೇ ಆಗಿರಲಿ, ಮಾತು ಅಲ್ಲಿಗೇ ಮುಗಿಸಿ. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಇಟ್ಟುಕೊಳ್ಳುತ್ತೇವೆ ಅಂದರೆ ನೋಡಿ ಕೊಡಿ ಅನ್ನಿ, ಜೆರಾಕ್ಸ್ ಬಿಟ್ಟು ಬನ್ನಿ.

## ಹಂತ 6: ಸೇರಿದ ಮೇಲೆ ತಾರೀಖು ಕಾಯುವುದು

ಸೇರಿದ ಎರಡನೇ ತಿಂಗಳಿಗೆ ಪಿಎಫ್ ಪೋರ್ಟಲ್ ತೆರೆದು `View` ಒಳಗೆ `Service History` ನೋಡಿ. ಏಜೆನ್ಸಿಯ ಹೆಸರು ಮತ್ತು ನೀವು ಸೇರಿದ ತಾರೀಖು ಅಲ್ಲಿರಬೇಕು. ಜೂನ್ 10ಕ್ಕೆ ಸೇರಿದವರ ದಾಖಲೆಯಲ್ಲಿ ಆಗಸ್ಟ್ ಅಂತಿದ್ದರೆ ಮುಂದೆ ಕಾಯಂ ಅವಧಿ ಎಣಿಸುವಾಗ ಅದೇ ಹಿಡಿದುಕೊಳ್ಳುತ್ತಾರೆ. ಆ ತಪ್ಪನ್ನು ಆಗಲೇ ತಿದ್ದಿಸಿ.

ಈಗ ಜನ ಅತಿ ಹೆಚ್ಚು ಎಡವುವ ಜಾಗ. ಒಂಬತ್ತನೇ ತಿಂಗಳಲ್ಲಿ ಪರಿಶೀಲನೆ ಅಂದಿದ್ದರು ಅಂತ ಒಂಬತ್ತನೇ ತಿಂಗಳವರೆಗೆ ಕಾಯುತ್ತಾರೆ. ಕಂಪನಿಗಳ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮುಂದಿನ ವರ್ಷಕ್ಕೆ ಎಷ್ಟು ಹುದ್ದೆ ಬೇಕು ಅನ್ನುವ ಪಟ್ಟಿ ಬಹಳ ಕಡೆ ಜನವರಿ, ಫೆಬ್ರವರಿಯಲ್ಲೇ ತಯಾರಾಗುತ್ತದೆ. ಅಳಿಯನ ಒಂಬತ್ತು ತಿಂಗಳು ಮುಗಿಯುವುದು ಮಾರ್ಚ್ 9ಕ್ಕೆ. ಅಷ್ಟು ಹೊತ್ತಿಗೆ ಪಟ್ಟಿ ಮೇಲೆ ಹೋಗಿರುತ್ತದೆ, ಆಮೇಲೆ “ಹುದ್ದೆ ಇಲ್ಲ, ವಿಸ್ತರಣೆ ತಗೋ” ಅನ್ನುತ್ತಾರೆ.

ಅದಕ್ಕೇ ಅವನು ಸಂಕ್ರಾಂತಿ ಮುಗಿದ ವಾರವೇ ಮುಖ್ಯಸ್ಥರ ಹತ್ತಿರ ಹೋದ. “ಸರ್, ಜೂನ್ 9ಕ್ಕೆ ನನ್ನ ಕಾಂಟ್ರ್ಯಾಕ್ಟ್ ಮುಗೀತೈತ್ರಿ. ಮುಂದಿನ ವರ್ಷದ ಮ್ಯಾನ್‌ಪವರ್ ಪ್ಲಾನಿನ್ಯಾಗ ನನ್ನ ಹುದ್ದೆ ಹಾಕೀರೇನ್ರಿ?” ಅಂತ ಕೇಳಿದ. ಅವರು ಪಟ್ಟಿ ತೆಗೆದು ನೋಡಿದರೆ ಇವನ ಹುದ್ದೆ ಅದರಲ್ಲಿ ಇರಲೇ ಇಲ್ಲ. ಬೇಕು ಅಂತ ಬಿಟ್ಟದ್ದಲ್ಲ, ನೆನಪಿಲ್ಲದೆ ಬಿಟ್ಟದ್ದು. ಅವತ್ತೇ ಸೇರಿಸಿದರು.

ನಿಮ್ಮ ಕರಾರು ಯಾವ ತಿಂಗಳಲ್ಲೇ ಮುಗಿಯಲಿ, ಮೊದಲ ಸಲ ಜನವರಿಯಲ್ಲಿ ಕೇಳಿ, ಎರಡನೇ ಸಲ ಕರಾರು ಮುಗಿಯಲು 60 ದಿನ ಇರುವಾಗ ಮೇಲ್ ಹಾಕಿ.

ಇನ್ನೊಂದು ಅಪಾಯ ನಡುವೆ ಬರಬಹುದು. ಕ್ಲೈಂಟ್ ಏಜೆನ್ಸಿಯನ್ನೇ ಬದಲಿಸುತ್ತಾನೆ. ಅದೇ ಯಂತ್ರ, ಅದೇ ಶಿಫ್ಟ್, ಆದರೆ ಹೊಸ ಏಜೆನ್ಸಿಯ ಹೊಸ ಆಫರ್ ಲೆಟರ್ ಮೇಲೆ ಸಹಿ ಕೇಳುತ್ತಾರೆ. ಹೊಸ ಏಜೆನ್ಸಿಯ ಕರಾರಿನಲ್ಲಿ ಕನಿಷ್ಠ ಅವಧಿ ಮತ್ತೆ ಒಂದರಿಂದ ಶುರುವಾಗುತ್ತದೆ. ಎಂಟು ತಿಂಗಳು ದುಡಿದದ್ದು ಕಾಯಂ ಲೆಕ್ಕದಿಂದ ಹಾರಿಹೋಗಬಹುದು. ಸಹಿ ಹಾಕುವ ಮೊದಲು “ಹಳೆಯ ಏಜೆನ್ಸಿಯ ಅವಧಿಯನ್ನು ಪರಿಶೀಲನೆಗೆ ಹಿಡಿಯುತ್ತೀರಾ” ಅಂತ ಕ್ಲೈಂಟ್ ಎಚ್‌ಆರ್‌ಗೂ ಪ್ರತಿ ಹಾಕಿ ಕೇಳಿ. ಆಗ ಎಲ್ಲರೂ ಒಟ್ಟಿಗೆ ಕೇಳಿದರೆ ಉತ್ತರ ಸಿಗುವ ಸಂಭವ ಹೆಚ್ಚು. ಒಬ್ಬೊಬ್ಬರೇ ಹೋದರೆ “ನೋಡೋಣ” ಅಂತ ಕಳಿಸುತ್ತಾರೆ.

## ಹಂತ 7: ಕಾಯಂ ಆಫರ್ ಬಂದಾಗ ಕೈಗೆ ಬರುವ ದುಡ್ಡು ಲೆಕ್ಕ ಹಾಕಿ

ಅಳಿಯನಿಗೆ ಮೇ ಕೊನೆಯಲ್ಲಿ ಕಾಯಂ ಆಫರ್ ಬಂತು, ಸಿಟಿಸಿ, ಅಂದರೆ ಅವನ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು, ವರ್ಷಕ್ಕೆ 3,60,000. ಮನೆಯಲ್ಲಿ ಪೇಢಾ ಹಂಚಿದರು. ತಿಂಗಳಿಗೆ 30,000 ಆಯಿತು, ಆರು ಸಾವಿರ ಏರಿತು ಅಂತ ಅವರ ಲೆಕ್ಕ. ನಾನು ಪೆನ್ನು ತೆಗೆದುಕೊಂಡೆ.

ಏಜೆನ್ಸಿಯಲ್ಲಿದ್ದಾಗ 24,000 ಅಂದರೆ ಮಾಲೀಕರ ಪಿಎಫ್ ಪಾಲು ಹೊರಗಿಟ್ಟ ಲೆಕ್ಕ. ಬೇಸಿಕ್ 15,000. ಅದರ ಶೇ. 12, ಅಂದರೆ 1,800 ರೂಪಾಯಿ ಇವನ ಪಿಎಫ್ ಕಡಿತ. ಪಗಾರ 21,000 ದಾಟಿದ್ದರಿಂದ ಇಎಸ್ಐ ಇಲ್ಲ, 25,000ಕ್ಕಿಂತ ಕೆಳಗಿದ್ದರಿಂದ ವೃತ್ತಿ ತೆರಿಗೆ ಇಲ್ಲ. ಕೈಗೆ 22,200 ಬರುತ್ತಿತ್ತು.

ಕಾಯಂ ಆಫರಿನ ಸಿಟಿಸಿಯೊಳಗೆ ಎಲ್ಲವನ್ನೂ ತುಂಬಿದ್ದರು. ಬೇಸಿಕ್ ಅದೇ 15,000.

| ಸಿಟಿಸಿಯಲ್ಲಿ ಸೇರಿದ್ದು | ವರ್ಷಕ್ಕೆ ರೂ. |
|---|---|
| ಮಾಲೀಕರ ಪಿಎಫ್ ಪಾಲು (ಬೇಸಿಕ್‌ನ ಶೇ. 12) | 21,600 |
| ಗ್ರಾಚ್ಯುಟಿ (ಬೇಸಿಕ್‌ನ ಶೇ. 4.81) | 8,658 |
| ಆರೋಗ್ಯ ವಿಮೆ ಕಂತು | 6,000 |
| ವೇರಿಯಬಲ್ ಪೇ (ಶೇ. 10) | 36,000 |
| ಒಟ್ಟು, ತಿಂಗಳಿಗೆ ಕೈಗೆ ಬಾರದ್ದು | 72,258 |

ಉಳಿದದ್ದು 2,87,742. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 23,978. ಇವನ ಪಿಎಫ್ 1,800 ಕಳೆದರೆ 22,178. ಕಾಯಂ ಆಗಿ ಕೈಗೆ ಬರುವುದು ತಿಂಗಳಿಗೆ 22 ರೂಪಾಯಿ ಕಡಿಮೆ! ವೇರಿಯಬಲ್ ಪೇ ವರ್ಷದ ಕೊನೆಗೆ, ಅದೂ ಅಪ್ರೈಸಲ್ ನೋಡಿ ಬರುವ ದುಡ್ಡು. ಮೇಲಾಗಿ ಏಜೆನ್ಸಿಯಲ್ಲಿ ಭಾನುವಾರದ ಓವರ್‌ಟೈಮ್ ಸಿಗುತ್ತಿತ್ತು, ಕಾಯಂ ಸ್ಟಾಫ್ ಗ್ರೇಡಿನಲ್ಲಿ ಅದರ ಬದಲು ರಜೆ ಕೊಡುತ್ತಾರೆ.

ಇದು ಬೇಡ ಅನ್ನುವ ಆಫರ್ ಅಲ್ಲ. ವಿಮೆ, ಗ್ರಾಚ್ಯುಟಿ, ಮುಂದಿನ ಬಡ್ತಿ ಎಲ್ಲ ಇದೆ. ಆದರೆ 30,000 ಅಂತ ನಂಬಿ ಬೈಕಿನ ಕಂತು ಹಾಕಿಕೊಂಡರೆ ಮೊದಲ ತಿಂಗಳೇ ಮುಗ್ಗರಿಸಬೇಕಾಗುತ್ತದೆ. ಎಚ್‌ಆರ್‌ಗೆ ಕೇಳಬೇಕಾದ ಸಾಲು: “ತಿಂಗಳ ಕಡಿತಗಳೆಲ್ಲ ಹೋಗಿ ಕೈಗೆ ಎಷ್ಟು ಬರುತ್ತದೆ, ಪಗಾರದ ವಿಂಗಡಣೆ ಕಳಿಸಿ. ಪ್ರೊಬೇಷನ್ ಅವಧಿಗೂ ವೇರಿಯಬಲ್ ಪೇ ಸಿಗುತ್ತದೆಯೇ?” ಅಳಿಯನ ವೇರಿಯಬಲ್‌ನಿಂದ ಸ್ವಲ್ಪ ಪಾಲನ್ನು ತಿಂಗಳ ಪಗಾರಕ್ಕೆ ಸೇರಿಸಲು ಎಚ್‌ಆರ್ ಒಪ್ಪಲಿಲ್ಲ. ಆದರೆ “ಒಂದು ವರ್ಷ ಇದೇ ಕೆಲಸ ಮಾಡಿದ್ದೇನೆ, ಪ್ರೊಬೇಷನ್ ಕಡಿಮೆ ಮಾಡಿ” ಅಂದದ್ದಕ್ಕೆ ಆರು ತಿಂಗಳನ್ನು ಮೂರಕ್ಕೆ ಇಳಿಸಿದರು. ನನ್ನ ಅನುಭವದಲ್ಲಿ ಪಗಾರಕ್ಕಿಂತ ಪ್ರೊಬೇಷನ್ ವಿಚಾರದಲ್ಲಿ ಎಚ್‌ಆರ್ ಬೇಗ ಬಗ್ಗುತ್ತಾರೆ, ಅದರಿಂದ ಅವರ ಬಜೆಟ್ಟಿಗೆ ಏನೂ ಹೊರೆಯಿಲ್ಲ.

ನೋಟಿಸ್ ಅವಧಿಯನ್ನೂ ಓದಿ. ಏಜೆನ್ಸಿಯಲ್ಲಿ 30 ದಿನ ಇದ್ದದ್ದು ಕಾಯಂನಲ್ಲಿ 90 ಆಗಿರಬಹುದು.

ಗ್ರಾಚ್ಯುಟಿ ವಿಚಾರ. ಕಾಯಂ ನೇಮಕ ಅಂದರೆ ಬಹುತೇಕ ಹೊಸ ನೇಮಕವೇ, ಏಜೆನ್ಸಿ ವರ್ಷ ಕಂಪನಿಯ ಸೇವೆಗೆ ಸೇರುವುದಿಲ್ಲ. ಹಾಗಾದರೆ ಆ ವರ್ಷದ ಗ್ರಾಚ್ಯುಟಿ ಎಲ್ಲಿ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಲ್ಲುತ್ತದೆ. ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕ. 15,000 ಬೇಸಿಕ್‌ಗೆ ಹೀಗೆ:

```
15000 × 15 ÷ 26 = 8654
```

ಕರಾರು 11 ತಿಂಗಳು ಅಂತ ಬರೆದರೆ ಏನು ತಪ್ಪಬಹುದು ಅಂತ ಈಗ ಗೊತ್ತಾಗಿರಬೇಕು. ನಿಮ್ಮ ಆಫರಿನಲ್ಲಿ “ನಿಗದಿತ ಅವಧಿ” ಅನ್ನುವ ಅರ್ಥದ ಪದ ಇದ್ದು ವರ್ಷ ತುಂಬಿದ್ದರೆ, ಏಜೆನ್ಸಿಯ ಅಂತಿಮ ಲೆಕ್ಕದಲ್ಲಿ ಈ ಮೊತ್ತ ಇದೆಯೇ ಅಂತ ಹೆಸರಿಟ್ಟು ಕೇಳಿ. ಕೇಳದವರಿಗೆ ತಾವಾಗಿ ಕೊಟ್ಟದ್ದನ್ನು ನಾನು ಕಂಡದ್ದು ಕಡಿಮೆ.

## ಹಂತ 8: ಒಂದು ರೋಲಿನಿಂದ ಇನ್ನೊಂದಕ್ಕೆ ದಾಟುವ ದಿನ

ಕಂಪನಿಯ ಸಹಿ ಇರುವ ನೇಮಕ ಪತ್ರ ಕೈಗೆ ಬರುವವರೆಗೆ ಏಜೆನ್ಸಿಗೆ ರಾಜೀನಾಮೆ ಕೊಡಬೇಡಿ. “ನೀ ರಿಸೈನ್ ಮಾಡು, ಲೆಟರ್ ನಾಳೆ ಬರ್ತೈತಿ” ಅನ್ನುವ ಮಾತಿಗೆ ಎರಡು ತಿಂಗಳು ಮನೆಯಲ್ಲಿ ಕೂತವರನ್ನು ಬಲ್ಲೆ.

ತಾರೀಖುಗಳ ನಡುವೆ ತೆರಪು ಬಿಡಬೇಡಿ. ಅಳಿಯನ ಏಜೆನ್ಸಿ ಕರಾರು ಜೂನ್ 9ಕ್ಕೆ ಮುಗಿಯಿತು, ನೇಮಕ ಜೂನ್ 10ಕ್ಕೆ. ಉಳಿದ ರಜೆಯ ದುಡ್ಡು, ಕೊನೆಯ ಪಗಾರ, ಅನುಭವ ಪತ್ರ ಇವನ್ನು ಬಿಡುವ ವಾರದಲ್ಲೇ ಬರವಣಿಗೆಯಲ್ಲಿ ಕೇಳಿ. ಅನುಭವ ಪತ್ರದಲ್ಲಿ ಏಜೆನ್ಸಿ ಹೆಸರಿನ ಜೊತೆಗೆ ಯಾವ ಕಾರ್ಖಾನೆಯಲ್ಲಿ, ಯಾವ ವಿಭಾಗದಲ್ಲಿ ದುಡಿದಿರಿ ಅನ್ನುವುದೂ ಇರಲಿ.

ಪಿಎಫ್ ವಿಚಾರದಲ್ಲಿ ಹೊಸ ನಂಬರ್ ಮಾಡಿಸಬೇಡಿ. ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್, ಅದೇ ಇರುತ್ತದೆ, ಅದರಡಿ ಹೊಸ ಮೆಂಬರ್ ಐಡಿ ಬರುತ್ತದೆ. ಹಳೆಯದರಲ್ಲಿ ಏಜೆನ್ಸಿಯವರು ಬಿಟ್ಟ ತಾರೀಖು ಹಾಕಬೇಕು. ಹಾಕದಿದ್ದರೆ ಎರಡು ತಿಂಗಳಾದ ಮೇಲೆ ನೀವೇ ಪೋರ್ಟಲಿನಲ್ಲಿ ನಮೂದಿಸಬಹುದು. ಆಮೇಲೆ ಹಳೆಯ ದುಡ್ಡನ್ನು ಹೊಸ ಐಡಿಗೆ ವರ್ಗ ಮಾಡಿಸಿ. ಬೈಕಿಗೆ, ಮದುವೆಗೆ ಅಂತ ತೆಗೆದುಬಿಡುವವರೇ ಬಹಳ. ಪಿಂಚಣಿಗೆ ಬೇಕಾದ 10 ವರ್ಷದ ಲೆಕ್ಕಕ್ಕೆ ಈ ಏಜೆನ್ಸಿ ವರ್ಷವೂ ಸೇರುತ್ತದೆ, ಪಿಂಚಣಿ ಪಾಲನ್ನೂ ತೆಗೆದರೆ ಆ ವರ್ಷ ಹೋದಂತೆ. ಅಳಿಯ ಆಗಸ್ಟ್ ಎರಡನೇ ವಾರ ಪೋರ್ಟಲ್ ತೆರೆದಾಗ `Service History`ಯಲ್ಲಿ ಎರಡು ಸಾಲು ಇದ್ದವು: ಮೇಲಿನದರಲ್ಲಿ ಏಜೆನ್ಸಿ, ಜೂನ್ 9ರವರೆಗೆ; ಕೆಳಗಿನದರಲ್ಲಿ ಕಾರ್ಖಾನೆ, ಜೂನ್ 10ರಿಂದ.